ಬಿಳಿ ಚಿನ್ನದ ಮೇಲಿನ ಬೆಳಕು

ಬಿಳಿ ಚಿನ್ನದ ಉಂಗುರದಲ್ಲಿ ನಾವು ಮೆಚ್ಚುವ ಆ ಕನ್ನಡಿಯ ಬಿಳುಪು ಚಿನ್ನದ್ದಲ್ಲ, ರೋಡಿಯಂನದು. ನಿಕಲ್ ಅಥವಾ ಪಲ್ಲಾಡಿಯಂ ಬೆರೆಸಿದರೂ ಚಿನ್ನ ತನ್ನ ಹಳದಿಯನ್ನು ಪೂರ್ತಿ ಬಿಟ್ಟುಕೊಡುವುದಿಲ್ಲ; ಅದಕ್ಕೇ ಮೇಲೆ ರೋಡಿಯಂ ಲೇಪ ಹಾಕುತ್ತಾರೆ.

ಲೇಪ ಹಾಕುವವರ ಕೈಚಳಕ ಕಾಣುವುದು ಲೇಪಕ್ಕೂ ಮೊದಲೇ. ರೋಡಿಯಂ ಗೀರನ್ನು ಮುಚ್ಚುವುದಿಲ್ಲ, ಎತ್ತಿ ತೋರಿಸುತ್ತದೆ. ಹಾಗಾಗಿ ಉಂಗುರವನ್ನು ಕನ್ನಡಿಯಾಗುವಷ್ಟು ಉಜ್ಜಿ, ಹರಳಿನ ಸಂದಿಯ ಜಿಡ್ಡನ್ನೂ ಆವಿಯಿಂದ ತೆಗೆಯುತ್ತಾರೆ. ಬೆರಳಚ್ಚು ಉಳಿದರೂ ಅಲ್ಲಿ ಲೇಪ ಸರಿಯಾಗಿ ಕೂರದು. ಬಳಿಕ ದ್ರಾವಣದಲ್ಲಿ ಇಳಿಬಿಟ್ಟು ಸಣ್ಣ ವಿದ್ಯುತ್ ಹರಿಸಿದರೆ ಒಂದು ನಿಮಿಷದೊಳಗೆ ಮಾಸಲು ಬಣ್ಣ ಬೆಳ್ಳಗಾಗುತ್ತದೆ. ಎಷ್ಟು ಸಲ ನೋಡಿದರೂ ತಣಿಯದ ನೋಟ!

ಆ ಪದರದ ದಪ್ಪ ಸಾಮಾನ್ಯವಾಗಿ 1 ಮೈಕ್ರಾನ್ ಕೂಡ ಇರದು. ರೋಡಿಯಂ ಗಟ್ಟಿ, ಕಪ್ಪಾಗದ ಲೋಹ. ಆದರೂ ಪಾತ್ರೆ, ಮೇಜು, ಪಕ್ಕದ ಉಂಗುರ ತಾಗಿ ತಾಗಿ ಸವೆಯುತ್ತದೆ. ಮೊದಲು ಹಳದಿ ಇಣುಕುವುದು ಉಂಗುರದ ಅಂಗೈ ಕಡೆಯ ಭಾಗದಲ್ಲಿ. ದಿನವೂ ತೊಡುವ ಉಂಗುರಕ್ಕೆ ಒಂದೆರಡು ವರ್ಷಕ್ಕೊಮ್ಮೆ ಮರುಲೇಪ ಬೇಕಾದೀತು; ಉಜ್ಜಾಟವಿಲ್ಲದ ಓಲೆ, ಪದಕಗಳದ್ದು ಹಲವು ವರ್ಷ ಬಾಳುತ್ತದೆ.

ಪ್ರತಿ ಮರುಲೇಪಕ್ಕೂ ಮುನ್ನ ಉಜ್ಜುವಾಗ ಒಂದಿಷ್ಟು ಚಿನ್ನವೂ ಹೋಗುತ್ತದೆ. ಆದ್ದರಿಂದ ಹಳದಿ ಕಂಡಾಗ ಮಾತ್ರ ಕೊಡಿ. ಕೊಟ್ಟಾಗ ಹರಳು ಹಿಡಿದ ಕೊಂಡಿಗಳು ತೆಳುವಾಗಿವೆಯೇ ಎಂದು ನೋಡಿಸಿ.