ಅಜ್ಜಿಮನೆ ಲಕ್ಷ್ಮಿಯ ಜಾತಕ

ಬಾಳೆಗುಳಿ ಕ್ರಾಸಿನಲ್ಲಿ ಬಸ್ಸಿಳಿದು ಮನೆಗೆ ಹೋದರೆ ಮಾವ ಚಹಾ ಕೊಡುವ ಮೊದಲೇ ಮೊಬೈಲ್ ಹಿಡಿದ. "ತಮಾ, ನಮ್ಮ ಜಗಲಿಯ ಲಕ್ಷ್ಮಿ ಹಳೇ ಮೈಸೂರು ಪೇಂಟಿಂಗ್ ಅಂತೆ. ಬೆಂಗಳೂರಿನ ಅಂಗಡಿಯವ್ರು ಫೋಟೋ ನೋಡಿಯೇ ಹೇಳಿದ್ರು." ಮಳೆಗಾಲಕ್ಕೆ ಮುಂಚೆ ಮಾಡು ರಿಪೇರಿ ಆಗಬೇಕು. ಲಕ್ಷ್ಮಿಯನ್ನು ಮಾರಿದರೆ ಖರ್ಚು ಹುಟ್ಟುತ್ತದೆ ಅಂತ ಮಾವನ ಲೆಕ್ಕ.

ಅಂಗಡಿಯವರು ಬಂಗಾರದ ಹೊಳಪು ನೋಡಿ ಮಾತಾಡಿದ್ದಾರೆ. ನಾನು ಹೊಳಪನ್ನು ಕೊನೆಗಿಟ್ಟು, ಚಿತ್ರದಲ್ಲಿ ಯಾರು ಎಲ್ಲಿ ನಿಂತಿದ್ದಾರೆ ಅಂತ ಮೊದಲು ನೋಡಿದೆ. ಮೈಸೂರು ಶೈಲಿಯಲ್ಲಿ ದೇವರು ಸಾಮಾನ್ಯವಾಗಿ ಮಂಟಪದಲ್ಲಿರುತ್ತಾರೆ. ಕಂಬ, ಕಮಾನು, ಪರದೆ, ನಡುವೆ ದೊಡ್ಡದಾಗಿ ದೇವರು, ಪಕ್ಕದಲ್ಲಿ ಚಿಕ್ಕದಾಗಿ ಭಕ್ತರು. ಹಿಂದೆ ದೂರ ಅನ್ನುವುದು ಹೆಚ್ಚೇನೂ ಇರುವುದಿಲ್ಲ. ನಮ್ಮ ಲಕ್ಷ್ಮಿ ಕೊಳದ ನಡುವಿನ ತಾವರೆಯ ಮೇಲೆ ನಿಂತಿದ್ದಾಳೆ. ಆನೆಯೊಂದು ಸೊಂಡಿಲಲ್ಲಿ ಹಾರ ಎತ್ತಿದೆ. ನೀರು ಹಿಂದಕ್ಕೆ ಸರಿಯುತ್ತಾ ಮಸುಕಾಗಿ ಕಣ್ಮರೆಯಾಗುತ್ತದೆ. ಇದು ಯುರೋಪಿನ ತೈಲಚಿತ್ರಗಳಿಂದ ಕಲಿತ ಜಾಗದ ಲೆಕ್ಕ. ನಮ್ಮಲ್ಲಿ ಅದನ್ನು ಮನೆಮನೆಗೆ ತಂದವನು ರಾಜಾ ರವಿವರ್ಮ.

ಬಣ್ಣವೂ ಅದನ್ನೇ ಹೇಳುತ್ತದೆ. ಮೈಸೂರು ಚಿತ್ರದಲ್ಲಿ ಕೆಂಪು ಅಂದರೆ ಕೆಂಪು, ಹಸಿರು ಅಂದರೆ ಹಸಿರು. ಆಕಾರ ಕೊಡುವುದು ಅಳಿಲಿನ ಕೂದಲಿನ ಕುಂಚದಿಂದ ಎಳೆದ ಸಪೂರ ಗೆರೆ. ನಮ್ಮ ಲಕ್ಷ್ಮಿಯ ತೋಳಿಗೆ ಅಂಥ ಗೆರೆಯೇ ಇಲ್ಲ. ಒಂದು ಬದಿಯ ಗುಲಾಬಿ ಬಣ್ಣ ಇನ್ನೊಂದು ಬದಿಗೆ ಬರುತ್ತಾ ಕಂದಾಗಿ, ಆ ನೆರಳೇ ತೋಳನ್ನು ದುಂಡಗೆ ಮಾಡಿದೆ.

ಹಾಗಾದರೆ ರವಿವರ್ಮನೇ ಬರೆದ ತೈಲಚಿತ್ರವಾ? ಮಾವನ ಮುಖ ಅರಳಿತು. ಮೈಮೇಲೆ ಎದ್ದುನಿಂತ ಕ್ಯಾನ್ವಾಸಿನ ನೇಯ್ಗೆ ಬೇರೆ ಕಾಣುತ್ತಿತ್ತು. ಕಿಟಕಿ ಮುಚ್ಚಿ, ಗಾಜು ತೆಗೆದು, ಟಾರ್ಚನ್ನು ಚಿತ್ರಕ್ಕೆ ತಾಗುವಷ್ಟು ಓರೆಯಾಗಿ ಹಿಡಿದೆವು. ಕೈಯಿಂದ ಬರೆದ ತೈಲಚಿತ್ರವಾದರೆ ಬಣ್ಣದ ದಪ್ಪ ಒಂದೇ ಸಮ ಇರುವುದಿಲ್ಲ. ಕೆನ್ನೆ, ನೆರಳು ತೆಳ್ಳಗಿದ್ದು, ಆಭರಣದ ಬಿಳಿ ಚುಕ್ಕೆಯಲ್ಲಿ ಕುಂಚ ಬಣ್ಣವನ್ನು ಉಬ್ಬಾಗಿ ಬಿಟ್ಟಿರುತ್ತದೆ. ಇಲ್ಲಿ ಕೆನ್ನೆ, ನೀರು, ಮೂಗುತಿ ಎಲ್ಲದರ ಮೇಲೂ ಒಂದೇ ನೇಯ್ಗೆ, ಒಂದೇ ಎತ್ತರ. ಕುಂಚ ಹೀಗೆ ಮಾಡಲಾರದು. ಇದು ಅಚ್ಚಾದ ಮೇಲೆ ಕಾಗದಕ್ಕೆ ಒತ್ತಿದ ನೇಯ್ಗೆ. ತೈಲಚಿತ್ರದಂತೆ ಕಾಣಲಿ ಅಂತಲೇ ಹೀಗೆ ಮಾಡುತ್ತಿದ್ದರು, ಹೆಸರೂ ಓಲಿಯೋಗ್ರಾಫ್.

ಹತ್ತು ಪಟ್ಟು ದೊಡ್ಡದಾಗಿಸುವ ಲೆನ್ಸಿನಲ್ಲಿ ಕೆನ್ನೆ ನೋಡಿದರೆ ಬರೀ ಚುಕ್ಕೆಗಳು: ಗುಲಾಬಿ, ಹಳದಿ, ತೆಳುನೀಲಿ, ಒಂದರ ಮೇಲೊಂದು, ಯಾವ ಸಾಲಿಗೂ ಬಗ್ಗದೆ. ಆಫ್‌ಸೆಟ್ ಮುದ್ರಣದಲ್ಲಿ ಚುಕ್ಕೆಗಳು ಕವಾಯತು ಮಾಡುವವರ ಹಾಗೆ ಸಾಲಾಗಿ ಇರುತ್ತವೆ. ಇವು ಕಲ್ಲಚ್ಚಿನವು. ಬಣ್ಣಕ್ಕೊಂದು ಕಲ್ಲು, ಪ್ರತಿ ಕಲ್ಲಿನ ಮೇಲೂ ಕೈಯಿಂದ ಇಟ್ಟ ಚುಕ್ಕೆ.

ಇಷ್ಟಾದರೂ ಇಸವಿ ಸಿಗಲಿಲ್ಲ. ಮುಂಬೈಯಲ್ಲಿ ರವಿವರ್ಮ ಪ್ರೆಸ್ ಶುರುವಾಗಿದ್ದು 1894ರಲ್ಲಿ. ಆಮೇಲೆ ಅದು ಲೋಣಾವಳ ಹತ್ತಿರದ ಮಳವಲಿಗೆ ಹೋಯಿತು, ಒಡೆತನ ಜರ್ಮನಿಯ ಫ್ರಿಟ್ಜ್ ಶ್ಲೈಖರ್ ಕೈಗೆ ಬಂತು. ರವಿವರ್ಮ ತೀರಿಕೊಂಡ 1906ರ ನಂತರವೂ ಅವನ ಚಿತ್ರಗಳು ಅಚ್ಚಾಗುತ್ತಲೇ ಇದ್ದವು, ಬೇರೆಯವರೂ ನಕಲು ಮಾಡಿದರು. ಸಂಯೋಜನೆ ಹೇಳುವುದು ಕಲ್ಪನೆ ಯಾವಾಗಿನದು ಅಂತ. ಈ ಹಾಳೆ ಯಾವಾಗಿನದು ಅಂತ ಅದು ಹೇಳುವುದಿಲ್ಲ. ಅಂಚಿನಲ್ಲಿ ಪ್ರೆಸ್ಸಿನ ಹೆಸರು ಇರಬೇಕಿತ್ತು, ಕಟ್ಟು ಹಾಕಿದವನು ಅಂಚನ್ನೇ ಕತ್ತರಿಸಿಬಿಟ್ಟಿದ್ದ.

ಕೊನೆಗೆ ಬಂಗಾರ. ಮೈಸೂರು ಚಿತ್ರದಲ್ಲಿ ಮಕ್ಕಿ ಸಫೇದದ ಲೇಪದಿಂದ ಒಡವೆಯನ್ನು ಸ್ವಲ್ಪವೇ ಉಬ್ಬಿಸಿ ಮೇಲೆ ಚಿನ್ನದ ರೇಕು ಹಚ್ಚುತ್ತಾರೆ. ತಂಜಾವೂರಿನಲ್ಲಿ ಉಬ್ಬು ಜಾಸ್ತಿ, ಗಾಜಿನ ಹರಳೂ ಇರುತ್ತವೆ. ನಮ್ಮ ಹಾಳೆಯನ್ನು ತಿರುಗಿಸಿದರೆ ಹಿಂದೆ ಸೂಜಿ ತೂತುಗಳು, ದಾರದ ಗಂಟುಗಳು. ಯಾರೋ ಸೀರೆಯ ಅಂಚಿಗೆ ನಿಜವಾದ ಜರಿ ಹೊಲಿದಿದ್ದಾರೆ, ಕಿರೀಟಕ್ಕೆ ಚಮಕಿ ಕೂರಿಸಿದ್ದಾರೆ. ಆಗ ಹಲವು ಮನೆಗಳಲ್ಲಿ ಇದನ್ನು ಮಾಡುತ್ತಿದ್ದರು.

ನನಗೆ ಚಿತ್ರದಲ್ಲಿ ತುಂಬಾ ಹಿಡಿಸಿದ್ದೂ ಇದೇ. ರವಿವರ್ಮನ ಸೀರೆ ಮಡಿಕೆಯೊಳಗೆ ಹೋಗಿ ಕತ್ತಲಾಗುತ್ತದೆ. ಹೊಲಿದ ಜರಿಗೆ ಆ ಕತ್ತಲೆ ಗೊತ್ತೇ ಇಲ್ಲ, ಮಡಿಕೆಯ ಮೇಲೂ ಒಳಗೂ ಒಂದೇ ಹೊಳಪು. ಅವನು ಅಷ್ಟು ಕಷ್ಟಪಟ್ಟು ತಂದ ಆಳವನ್ನು ಸೂಜಿಯ ಕೈ ಮುಚ್ಚಿಹಾಕಿ, ದೇವಿಯನ್ನು ಮತ್ತೆ ಮುಂದಕ್ಕೆ, ನಮ್ಮ ಕಡೆಗೆ ಎಳೆದಿದೆ. ಅಂಗಡಿಯವರು ಮೋಸಹೋಗಿದ್ದು ಇಲ್ಲೇ ಇರಬೇಕು. ತಪ್ಪಾದರೂ ಪೂರ್ತಿ ದಡ್ಡ ತಪ್ಪಲ್ಲ ಬಿಡಿ.

ಮಾವ ಎಲ್ಲಾ ಕೇಳಿ, "ಅಂದ್ರೆ ರೇಟು ಇಲ್ಲ ಅಂತಾಯ್ತು" ಅಂದ. ಮೈಸೂರು ಪೇಂಟಿಂಗಿನ ರೇಟು ಇಲ್ಲ, ಓಲಿಯೋಗ್ರಾಫಿಗೂ ಕೊಳ್ಳುವವರಿದ್ದಾರೆ ಅಂದೆ. ಅಷ್ಟರಲ್ಲಿ ಒಳಗಿಂದ ಅಜ್ಜಿ ಬಂದು ಹಾಳೆಯ ಬೆನ್ನು ಮುಟ್ಟಿ ನೋಡಿದಳು. "ಈ ಗಂಟು ನಮ್ಮತ್ತೆದು. ಅವ್ರು ಯಾವಾಗ್ಲೂ ಎರಡು ಸಲ ಸುತ್ತಿ ಬಿಗೀತಿದ್ರು."

ಮಾವ ಗಾಜು ಒರೆಸತೊಡಗಿದ.