ಪೆಶ್ ಮೆರ್ಲ್‌ನ ಚುಕ್ಕಿಗುದುರೆಗಳು: ಅರ್ಥೈಸುವಿಕೆಯ ಎಲ್ಲೆಗಳು

ಬರಹವಿಲ್ಲದ ಕಾಲದ ಚಿತ್ರಗಳನ್ನು ಕುರಿತ ವ್ಯಾಖ್ಯಾನಗಳಲ್ಲಿ ಆಧಾರವೆಲ್ಲಿ ಮುಗಿಯುತ್ತದೆ, ಊಹೆಯೆಲ್ಲಿ ತೊಡಗುತ್ತದೆ ಎಂಬುದು ಅನೇಕ ವೇಳೆ ಸ್ಪಷ್ಟವಾಗುವುದಿಲ್ಲ. ಈ ಗೆರೆಯನ್ನು ಗುರುತಿಸುವ ಸಲುವಾಗಿ ದಕ್ಷಿಣ ಫ್ರಾನ್ಸಿನ ಪೆಶ್ ಮೆರ್ಲ್ ಗುಹೆಯ ಒಂದು ಬಂಡೆಯನ್ನು ಮಾತ್ರ ನಾವಿಲ್ಲಿ ಪರಿಶೀಲಿಸುತ್ತೇವೆ. ಇಲ್ಲಿಯ ಚಿತ್ರಗಳು 1922ರಲ್ಲಿ ಬೆಳಕಿಗೆ ಬಂದವು. ಸುಮಾರು ನಾಲ್ಕು ಮೀಟರು ಅಗಲದ ಈ ಬಂಡೆಯ ಮೇಲೆ ಎರಡು ಕುದುರೆಗಳು ಒಂದಕ್ಕೊಂದು ಬೆನ್ನುಮಾಡಿ ನಿಂತಿವೆ. ಅವುಗಳ ಮೈತುಂಬ ಕಪ್ಪು ಚುಕ್ಕಿಗಳು. ನಡುನಡುವೆ ಕೆಲವು ಕೆಂಪು ಚುಕ್ಕಿಗಳು. ಸುತ್ತಲೂ ಆರು ಕೈಗುರುತುಗಳು. ವರ್ಣ, ಪ್ರಾಣಿ, ಹಸ್ತ ಎಂಬ ಮೂರು ಸಾಕ್ಷ್ಯಗಳೂ ಒಂದೆಡೆ ಕೂಡಿರುವುದು ಈ ಬಂಡೆಯ ವೈಶಿಷ್ಟ್ಯ.

ಮೊದಲು ವರ್ಣದ ಮಾತು. ಬಲಗಡೆಯ ಕುದುರೆಯ ಕಪ್ಪಿನಲ್ಲಿ ಇದ್ದಲು ದೊರೆತುದರಿಂದ ರೇಡಿಯೊಕಾರ್ಬನ್ ವಿಧಾನದಿಂದ ಅದರ ಕಾಲವನ್ನು ಅಳೆಯುವುದು ಸಾಧ್ಯವಾಯಿತು. ತಿದ್ದುಪಡಿಗೊಳಿಸಿದ ಲೆಕ್ಕದಲ್ಲಿ ಅದು ಇಂದಿಗೆ ಸುಮಾರು 29,000 ವರ್ಷಗಳ ಹಿಂದಿನದು. ಆದರೆ ಈ ಅಂಕಿ ಹೇಳುವುದು ಮರ ಸತ್ತ ಕಾಲವನ್ನೇ ಹೊರತು ಚಿತ್ರ ಮೂಡಿದ ಕಾಲವನ್ನಲ್ಲ. ಓಲೆಯ ವಯಸ್ಸು ಕಾವ್ಯದ ವಯಸ್ಸಲ್ಲವೆಂಬುದನ್ನು ಹಸ್ತಪ್ರತಿಗಳೊಡನೆ ವ್ಯವಹರಿಸಿದವರೆಲ್ಲ ಬಲ್ಲರು. ವ್ಯತ್ಯಾಸವಿಷ್ಟೆ: ಅಲ್ಲಿ ಹಳೆಯ ಕಾವ್ಯ ಹೊಸ ಓಲೆಯ ಮೇಲೆ ಬರುತ್ತದೆ, ಇಲ್ಲಿ ಹಳೆಯ ಇದ್ದಲು ಹೊಸ ಚಿತ್ರಕ್ಕೆ ಒದಗಿರಬಹುದು. ಇನ್ನು ಕೆಂಪು ಬಣ್ಣವು ಕಬ್ಬಿಣದ ಆಕ್ಸೈಡಿನಿಂದಾದದ್ದು. ಅದರಲ್ಲಿ ಇಂಗಾಲದ ಅಂಶವಿಲ್ಲವಾಗಿ ಈ ವಿಧಾನ ಅದಕ್ಕೆ ಸಲ್ಲದು. ಆದ್ದರಿಂದ ಒಂದು ಕುದುರೆಯ ಕಾಲವನ್ನು ಇಡೀ ಬಂಡೆಗೆ ಆರೋಪಿಸುವುದು ಯುಕ್ತವಲ್ಲ. ಕೆಂಪು ಮೊದಲೋ ಕಪ್ಪು ಮೊದಲೋ ಎಂಬುದನ್ನು, ಅವು ಒಂದರ ಮೇಲೊಂದು ಬಿದ್ದಿರುವ ಕಡೆಗಳಲ್ಲಿ ಮಾತ್ರ ಕಣ್ಣಳತೆಯಿಂದ ನಿರ್ಧರಿಸಬೇಕಾಗುತ್ತದೆ. ನಡುವಣ ಅಂತರ ಒಂದು ದಿನವೋ ಸಾವಿರ ವರ್ಷವೋ ಎಂಬುದು ಆಗಲೂ ತಿಳಿಯುವುದಿಲ್ಲ.

ಎರಡನೆಯದು ಪ್ರಾಣಿ. ಮೈಮೇಲೆ ಚುಕ್ಕಿಯಿರುವ ಕಾಡುಗುದುರೆ ಆ ಕಾಲದಲ್ಲಿ ಇರಲಾರದೆಂದೂ, ಚುಕ್ಕಿಗಳು ಸಾಂಕೇತಿಕವೆಂದೂ ಬಹುಕಾಲ ಅನೇಕರು ನಂಬಿದ್ದರು. 2011ರಲ್ಲಿ ಪ್ರಕಟವಾದ ಅಧ್ಯಯನವೊಂದು ಪಳಗಿಸುವುದಕ್ಕೂ ಹಿಂದಿನ 31 ಕುದುರೆಗಳ ಎಲುಬು ಹಲ್ಲುಗಳಿಂದ ಡಿಎನ್‌ಎ ತೆಗೆದು ಪರೀಕ್ಷಿಸಿತು. ಅವುಗಳಲ್ಲಿ ಆರರಲ್ಲಿ ಚಿರತೆಯಂತಹ ಚುಕ್ಕಿಗೆ ಕಾರಣವಾಗುವ ವಂಶವಾಹಿ ಕಂಡುಬಂದಿತು. ಅಂಥ ಕುದುರೆ ಇರಲಾರದೆಂಬ ವಾದ ಅಲ್ಲಿಗೆ ಬಿದ್ದುಹೋಯಿತು. ಆದರೆ, ಆದ್ದರಿಂದ ಈ ಚಿತ್ರ ಯಥಾರ್ಥವಾದುದು ಎಂಬ ತೀರ್ಮಾನವನ್ನು ನಾವು ಒಪ್ಪಲಾರೆವು. ಏಕೆಂದರೆ ಚುಕ್ಕಿಗಳು ಕುದುರೆಯ ಗೆರೆಯೊಳಗೇ ನಿಂತಿಲ್ಲ. ಗೆರೆಯನ್ನು ದಾಟಿ ಬರಿಯ ಬಂಡೆಯ ಮೇಲೂ ಹರಡಿವೆ. ಮೈಬಣ್ಣವಾಗಿದ್ದರೆ ಅವು ಹೊರಗೆ ಬರಬೇಕಾದ ಕಾರಣವಿಲ್ಲ. ಬಲಗಡೆಯ ಕುದುರೆಯ ತಲೆಯ ಬಳಿ ಬಂಡೆಯ ಅಂಚೇ ಕುದುರೆಯ ಮುಖದಂತೆ ಸಹಜವಾಗಿ ಚಾಚಿಕೊಂಡಿದೆ. ಬರೆದ ತಲೆಯಾದರೋ ಅದರೊಳಗೆ ತೀರ ಚಿಕ್ಕದಾಗಿದೆ. ಚಿತ್ರಕಾರನು ಪ್ರಾಣಿಯನ್ನಷ್ಟೇ ಅಲ್ಲ, ಕಲ್ಲನ್ನೂ ನೋಡುತ್ತಿದ್ದನೆಂದು ಇದರಿಂದ ತೋರುತ್ತದೆ. ವಂಶವಾಹಿಯ ಸಾಕ್ಷ್ಯವು ಸಂಭವವನ್ನು ಸ್ಥಾಪಿಸುತ್ತದೆ, ಉದ್ದೇಶವನ್ನಲ್ಲ.

ಮೂರನೆಯದು ಹಸ್ತ. ಕೈಯನ್ನು ಬಂಡೆಗೆ ಒತ್ತಿಹಿಡಿದು ಸುತ್ತಲೂ ಬಣ್ಣವನ್ನು ಊದಿದರೆ, ಕೈ ತೆಗೆದಾಗ ಅದರ ಆಕಾರ ಖಾಲಿಯಾಗಿ ಉಳಿಯುತ್ತದೆ. ಮಿಶೆಲ್ ಲೋರ್ಬ್ಲಾಂಶೆ ಎಂಬ ವಿದ್ವಾಂಸರು ಇದ್ದಲನ್ನು ಬಾಯಲ್ಲಿ ಅಗಿದು, ಉಗುಳಿನೊಡನೆ ಊದಿ, ಅಂಗೈಯನ್ನೇ ಅಂಚಾಗಿ ಹಿಡಿದು ಈ ಕುದುರೆಗಳ ಪ್ರತಿಕೃತಿಯನ್ನು ಬೇರೊಂದು ಗುಹೆಯಲ್ಲಿ ರಚಿಸಿದರು. ಅದಕ್ಕೆ 32 ಗಂಟೆಗಳು ಹಿಡಿದವು. ಒಬ್ಬನೇ ವ್ಯಕ್ತಿ ಕೆಲವೇ ದಿನಗಳಲ್ಲಿ ಇದನ್ನು ಮಾಡಬಲ್ಲನೆಂಬುದು ಇದರಿಂದ ಸಿದ್ಧವಾಯಿತು. ಒಬ್ಬನೇ ಮಾಡಿದನೆಂದು ಸಿದ್ಧವಾಗಲಿಲ್ಲ. ಆ ಕೈಗಳು ಯಾರವು? ಫ್ರಾನ್ಸ್, ಸ್ಪೇನ್ ಗುಹೆಗಳ 32 ಕೈಗುರುತುಗಳ ಬೆರಳುಗಳ ಅನುಪಾತವನ್ನು ಅಳೆದ ಡೀನ್ ಸ್ನೋ ಅವರು 2013ರಲ್ಲಿ, ಅವುಗಳಲ್ಲಿ 24 ಸ್ತ್ರೀಯರವು ಎಂದರು. ಚಿತ್ರಕಾರರು ಗಂಡಸರೇ ಎಂಬ ರೂಢಿಯ ಊಹೆಗೆ ಆಧಾರವಿಲ್ಲವೆಂಬುದನ್ನು ತೋರಿಸಿದ್ದು ಈ ಕೆಲಸದ ಹೆಚ್ಚುಗಾರಿಕೆ. ಆದರೆ ಅದೇ ಸೂತ್ರವು ಇಂದಿನ ಜನರ ಕೈಗಳ ವಿಷಯದಲ್ಲಿ ನೂರಕ್ಕೆ ಸುಮಾರು 60ರಷ್ಟು ಮಾತ್ರ ಸರಿಯುತ್ತರ ಕೊಟ್ಟಿತ್ತು. ಶಿಲಾಯುಗದವರಲ್ಲಿ ಗಂಡು ಹೆಣ್ಣಿನ ಕೈಗಳ ಅಂತರ ಇನ್ನೂ ಸ್ಫುಟವಾಗಿತ್ತೆಂಬುದು ಆ ಕೈಗುರುತುಗಳಿಂದಲೇ ಪಡೆದ ಅನುಮಾನ. ಅದನ್ನು ಹೊರಗಿನಿಂದ ಪರೀಕ್ಷಿಸಲು ಲಿಂಗ ತಿಳಿದಿರುವ ಅಂದಿನ ಕೈಗುರುತೊಂದೂ ನಮ್ಮಲ್ಲಿಲ್ಲ. ಅಲ್ಲದೆ, ಗೋಡೆಗೆ ಒತ್ತಿದ ಕೈಯೇ ಬಣ್ಣ ಊದಿದವರ ಕೈ ಎನ್ನುವಂತೆಯೂ ಇಲ್ಲ.

ಹೀಗೆ ಈ ಬಂಡೆಯು ಹೇಗೆ ಎಂಬ ಪ್ರಶ್ನೆಗೆ ಸಾಕಷ್ಟು ಉತ್ತರವನ್ನೂ, ಯಾವಾಗ ಎಂಬುದಕ್ಕೆ ಭಾಗಶಃ ಉತ್ತರವನ್ನೂ, ಯಾರು ಎಂಬುದಕ್ಕೆ ಅಲ್ಪ ಸುಳಿವನ್ನೂ ಕೊಡುತ್ತದೆ. ಏಕೆ ಎಂಬುದಕ್ಕೆ ಅದು ಕೊಡುವುದು ಗೆರೆ ದಾಟಿದ ಆ ಚುಕ್ಕಿಗಳನ್ನು ಮಾತ್ರ. ಯಾವ ವ್ಯಾಖ್ಯಾನವೇ ಆಗಲಿ, ಅವುಗಳನ್ನು ಬಿಟ್ಟು ಮುಂದೆ ಹೋಗುವಂತಿಲ್ಲವೆಂಬುದೇ ನಮ್ಮ ಅಭಿಪ್ರಾಯ.