ಆಯಿಯ ಪತ್ರ

ನಾನಿಲ್ಲಿ ವಿಮರ್ಶೆಗೆ ಎತ್ತಿಕೊಂಡಿರುವುದು ಅಚ್ಚಾದ ಕೃತಿಯನ್ನಲ್ಲ, ಒಂದು ಮನೆಪತ್ರವನ್ನು. ಕೊಲ್ಹಾಪುರ ಜಿಲ್ಲೆಯ ಶಿರೋಳ ತಾಲೂಕಿನಲ್ಲಿ, ಕೃಷ್ಣೆಯ ದಡದ ಹಳ್ಳಿಯೊಂದರ ಅಜ್ಜಿ 2005ರ ಮಹಾಪೂರದ ವರ್ಷ ಹುಟ್ಟಿದ ಮೊಮ್ಮಗಳಿಗೆ ಇದನ್ನು ಬರೆದು, ಹದಿನೆಂಟು ತುಂಬಿದ ದಿನ ಒಡೆಯಬೇಕೆಂದು ಲಕೋಟೆ ಅಂಟಿಸಿ ಇಟ್ಟಿದ್ದರು. 2019ರ ಪೂರದಲ್ಲಿ ಮನೆಯವರು ಡಬ್ಬಿಸಮೇತ ಹೊತ್ತು ಉಳಿಸಿದರು. 2023ರಲ್ಲಿ ಒಡೆದಾಗ ಅಜ್ಜಿ ಇರಲಿಲ್ಲ. ಮನೆಯವರ ಒಪ್ಪಿಗೆಯಿಂದ ನಾನೂ ಓದಿದೆ.

ನಮ್ಮ ಹಳೆಯ ಪತ್ರಗಳ ಒಕ್ಕಣೆ 'ಇತ್ತ ಕ್ಷೇಮ, ಅತ್ತ ನಿಮ್ಮ ಕ್ಷೇಮಕ್ಕೆ ಬರೆಯಿರಿ' ಎಂದು ಆರಂಭವಾಗುತ್ತದೆ. ಉತ್ತರ ಬರುವ ಹೊತ್ತಿಗೆ ತಾನು ಇರುವೆನೋ ಇಲ್ಲವೋ ಎಂಬ ಅಜ್ಜಿ ಈ ಮಾತನ್ನು ಹೇಗೆ ಬರೆದಾಳು? ಆಕೆ ಆಶೀರ್ವಾದದ ನಂತರ ನೇರವಾಗಿ ಪೂರದ ನೀರು ಹೊಸ್ತಿಲಿಗೆ ಬಂದ ರಾತ್ರಿಗೆ ಇಳಿಯುತ್ತಾಳೆ. ಪತ್ರದ ಜೀವ ಆ ಭಾಗದಲ್ಲಿದೆ. ಮುಂದಿನ ಬುದ್ಧಿಮಾತುಗಳು ಯಾವ ಅಜ್ಜಿಯಾದರೂ ಬರೆಯಬಹುದಾದವು; ಅಲ್ಲಿ ಬರಹ ಸೊರಗುತ್ತದೆ.

ಆದರೆ ನನ್ನನ್ನು ತಡೆದು ನಿಲ್ಲಿಸಿದ್ದು ಲಿಪಿ. ಮೊಮ್ಮಗಳು ಮರಾಠಿ ಶಾಲೆಗೇ ಹೋಗುವವಳೆಂದು ಊಹಿಸಿದ ಆಯಿ (ಆ ಕಡೆಯ ಕನ್ನಡಿಗರಿಗೆ ಆಯಿ ಎಂದರೆ ಅಜ್ಜಿ, ಮರಾಠಿಗರಿಗೆ ತಾಯಿ) ಕನ್ನಡ ಮಾತನ್ನು ದೇವನಾಗರಿಯಲ್ಲಿ ಬರೆದಿದ್ದರು. ಜಾಣತನವೇ ಸರಿ. ಆದರೆ ಶಾಲೆಯಲ್ಲಿ ಕಲಿಸುವ ಮರಾಠಿ ಅಕ್ಷರಮಾಲೆಯಲ್ಲಿ 'ಎ' ಮತ್ತು 'ಏ'ಗೆ ಒಂದೇ ಅಕ್ಷರ, 'ಒ' ಮತ್ತು 'ಓ'ಗೂ ಒಂದೇ. ಕೊಡು, ಕೋಡು ಎರಡೂ ಅಲ್ಲಿ ಒಂದೇ ರೂಪ. ಕಾಸರಗೋಡಿನ ಅಜ್ಜಿ ಕನ್ನಡವನ್ನು ಮಲಯಾಳ ಲಿಪಿಯಲ್ಲಿ ಬರೆದರೆ ಈ ತೊಡಕಿಲ್ಲ. ಆ ಲಿಪಿಯಲ್ಲಿ ಹ್ರಸ್ವ ದೀರ್ಘ ಬೇರೆಬೇರೆ ಇವೆ.

ಕೊನೆಯ ಪುಟದಲ್ಲಿ ಬೋರಮಾಳ ಸರದ ಮಾತಿದೆ. 'ತೊಡು' ಎಂದು ಅಜ್ಜಿಯ ಮನಸ್ಸಿನಲ್ಲಿದ್ದುದನ್ನು ಹುಡುಗಿ 'ತೋಡು' ಎಂದು ಓದಿದಳು. ಮರಾಠಿಯಲ್ಲಿ 'ತೋಡ' ಎಂದರೆ ಮುರಿ. ಹಳೆಯ ಸರ ಮುರಿಸಿ ಹೊಸದು ಮಾಡಿಸಿಕೊ ಎಂದೇ ಆಯಿ ಹೇಳಿದ್ದಾಳೆಂದು ತಿಳಿದು ಪತ್ತಾರನಲ್ಲಿಗೆ ಹೊರಟಿದ್ದಳು. ಸೋದರತ್ತೆ ಪತ್ರ ಇಸಿದುಕೊಂಡು ಗಟ್ಟಿಯಾಗಿ ಓದಿದ್ದರಿಂದ ಸರ ಉಳಿಯಿತು. ಒಬ್ಬಳಿಗೇ ಎಂದು ಬರೆದದ್ದು ಹಾಗೆ ಇಡೀ ಮನೆಯ ಕಿವಿಗೆ ಬಿತ್ತು. ಇದು ಅಜ್ಜಿಗೆ ಬೇಕಾಗಿತ್ತೆಂದು ನಾನು ನಂಬಲಾರೆ.

ನಾನು ನೋಡಿದ ಪ್ರತಿಯಲ್ಲಿ ಅತ್ತೆ ಹ್ರಸ್ವವಿರುವಲ್ಲೆಲ್ಲ ಅಕ್ಷರದ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದಿದ್ದಾರೆ. ಮೂರನೆಯ ಪುಟದಿಂದಾಚೆ ಗೆರೆಗಳ ಕೈ ಬೇರೆ, ಹುಡುಗಿಯದು.